ಬೋಣಿಗೆ ಮುಂಚಿನ ಮೆಸೇಜು

ಮಲ್ಲೇಶ್ವರದ ಒಂದು ಹಳೇ ಮನೆಯ ಮಹಡಿಯಲ್ಲಿ ದಾಕ್ಷಾಯಣಮ್ಮ ಮಿಸ್ ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾರೆ. ಹೈಸ್ಕೂಲಿನಿಂದ ನಿವೃತ್ತರಾದವರು. ನಿವೃತ್ತಿಯಾಗಿದ್ದು ಸಂಬಳ ಮಾತ್ರ, ಬೆತ್ತದಂಥ ದನಿ ಇನ್ನೂ ಸರ್ವೀಸಿನಲ್ಲೇ ಇದೆ. ಆ ದನಿಯನ್ನು ನಾನು ಚೆನ್ನಾಗಿ ಅನುಕರಿಸುತ್ತೇನೆ ಎಂದು ಕ್ಲಾಸಿನವರೆಲ್ಲ ಹೇಳುತ್ತಾರೆ. ಮಿಸ್ ಇಲ್ಲದಾಗ ಹೇಳುತ್ತಾರೆ ಅಷ್ಟೆ. ನಾನು ಲೋಹಿತ್, ಬಿ.ಕಾಂ. ಮುಗಿಸಿ ಇಂಟರ್‌ವ್ಯೂಗಳಲ್ಲಿ ಬಾಯಿ ಕಟ್ಟುತ್ತದೆಂದು ಸೇರಿದವನು.

ಆ ವಾರದ ಪಾಠ, ಗೆಳೆಯರಿಗೆ ಮುಂದಿನ ಭಾನುವಾರದ ಬಗ್ಗೆ ಹರಟೆಯ ಮೆಸೇಜು ಬರೆಯುವುದು. ಮಿಸ್ ಬೋರ್ಡಿನ ಒಂದು ಕಡೆ ‘ಐ ಆಮ್ ಕಮಿಂಗ್’ ಎಂದು ಬರೆದರು, ಇನ್ನೊಂದು ಕಡೆ ‘ಐ ವಿಲ್ ಕಮ್’ ಎಂದು. ಎರಡೂ ನಾಳೆಯ ಮಾತೇ. ಆದರೆ ಯಾರ ಜೊತೆ, ಯಾವತ್ತು, ಎಲ್ಲಿ ಎಂದು ಮೊದಲೇ ಮಾತಾಗಿ ಗೊತ್ತುಪಡಿಸಿಕೊಂಡಿದ್ದರೆ ಗೆಳತಿಗೆ ‘ಐ ಆಮ್ ಕಮಿಂಗ್’ ಎಂದು ಬರೆಯಬೇಕು. ಬರೆಯುತ್ತಾ ಬರೆಯುತ್ತಾ ಆ ಗಳಿಗೆಯಲ್ಲಿ ಹೊಳೆದದ್ದಕ್ಕೆ, ತಾನಾಗಿ ಮಾಡಿಕೊಡುತ್ತೇನೆ ಅನ್ನುವುದಕ್ಕೆ, ಮಾತು ಕೊಡುವುದಕ್ಕೆ, ಹೀಗಾಗಬಹುದು ಎಂದು ಊಹಿಸುವುದಕ್ಕೆ ‘ವಿಲ್’. ನಮ್ಮ ಕನ್ನಡದಲ್ಲಿ ಒಂದು ‘ಬರ್ತೀನಿ’ ಇಷ್ಟೂ ಕೆಲಸ ಮಾಡಿ, ಮನೆಯಿಂದ ಎದ್ದು ಹೋಗುವಾಗಲೂ ಒದಗುತ್ತದೆ. ‘ಬರ್ತಾ ಇದೀನಿ’ ಅಂತೂ ಬೆಂಗಳೂರಿನಲ್ಲಿ ಬಚ್ಚಲಿನಿಂದ ಫೋನಿನಲ್ಲಿ ಹೇಳುವ ಮಾತು. ಹಾಗಾಗಿ ನಮಗೆ ಇದು ತಲೆಗೆ ಹತ್ತುವುದು ನಿಧಾನ.

ಅದಕ್ಕೇ ಮಿಸ್ ಒಂದು ಪದ್ಧತಿ ಇಟ್ಟಿದ್ದಾರೆ. ಯಾರೇ ‘ಐ ಆಮ್ ಕಮಿಂಗ್’ ಥರದ್ದು ಬರೆದರೂ, ಅದು ಗೊತ್ತಾಗಿರುವುದಕ್ಕೆ ಅಲ್ಲೇ ಸಾಕ್ಷಿ ಹೇಳಬೇಕು. ಟಿಕೆಟ್ಟೋ, ಒಪ್ಪಿಕೊಂಡವರ ಹೆಸರೋ, ಏನಾದರೂ ಸರಿ. ಸಾಕ್ಷಿ ಇಲ್ಲದಿದ್ದರೆ ವಾಕ್ಯ ವಾಪಸ್ಸು.

ಮೊದಲು ಓದಿದವರು ಮುನಿಲಕ್ಷ್ಮಮ್ಮ. ಮಾಗಡಿ ಕಡೆಯ ಹೊಲ ಮಾರಿ ಇಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಬಾಡಿಗೆಯವರಲ್ಲಿ ಕನ್ನಡ ಬಾರದವರೇ ಜಾಸ್ತಿ ಎಂದು ಇಂಗ್ಲಿಷಿಗೆ ಬಂದಿದ್ದಾರೆ. ತಮ್ಮ ಗೆಳತಿಗೆ ಅವರು ‘ಮೈ ಟೆನೆಂಟ್ ಈಸ್ ವೆಕೇಟಿಂಗ್ ಆನ್ ಸಂಡೇ’ ಎಂದು ಬರೆದಿದ್ದರು.

“ಅವರು ಒಪ್ಕೊಂಡಿದಾರಾ?” ಮಿಸ್ ಕೇಳಿದರು.

“ಎಲ್ಲಿ ಮಿಸ್, ನಾನೇ ಇನ್ನೂ ಹೇಳಿಲ್ಲ.”

ಹಾಗಾದರೆ ಅದು ನಿಮ್ಮ ಮನಸ್ಸಿನಲ್ಲಿರುವ ಉದ್ದೇಶ, ‘ಐ ಆಮ್ ಗೋಯಿಂಗ್ ಟು ಟೆಲ್ ಹಿಮ್’ ಅನ್ನಿ, ಪಾಪ ಅವರು ಈಗ ಟೀ ಕುಡೀತಾ ಕೂತಿರಬಹುದು ಎಂದು ಮಿಸ್ ತಿದ್ದಿದರು. ಮುನಿಲಕ್ಷ್ಮಮ್ಮ ಒಪ್ಪಿದರೂ, ಮನೆ ತಮ್ಮದಾದ ಮೇಲೆ ಇಷ್ಟು ವ್ಯಾಕರಣ ಯಾಕೆಂದು ಪಕ್ಕದಲ್ಲಿದ್ದ ನನ್ನ ಹತ್ತಿರ ಗೊಣಗಿಕೊಂಡರು.

ಆಮೇಲೆ ಗಗನಾಳ ಸರದಿ. ಬಿನ್ನಿಪೇಟೆಯ ಹುಡುಗಿ. ಸಂಪಿಗೆ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ. ಮಡಿಚಿಟ್ಟ ಸೀರೆಗೆ ಕೈ ತಾಗಿಸಿದರೆ ಅದು ತಾನಾಗಿ ಬಿಚ್ಚಿಕೊಂಡು ಗಿರಾಕಿಯ ಮಡಿಲಿಗೆ ಬೀಳುವಷ್ಟು ಚುರುಕು. ಅವಳ ಮೆಸೇಜು ಅಭ್ಯಾಸಕ್ಕಾಗಿ ಕಟ್ಟಿದ್ದಲ್ಲ, ನಿಜವಾಗಿಯೂ ಕಳಿಸಬೇಕಾದದ್ದು. ಅವಳ ಗೆಳತಿ ಪ್ರತಿಭಾ ಹಿಂದೆ ಇದೇ ಕ್ಲಾಸಿನಲ್ಲಿ ಇವಳ ಪಕ್ಕ ಕೂತು ಕಲಿತವಳು. ಮದುವೆಯಾಗಿ ತುಮಕೂರಿಗೆ ಹೋದ ಮೇಲೂ ಇಂಗ್ಲಿಷ್ ಮರೆಯಬಾರದೆಂದು ಇಬ್ಬರೂ ಇಂಗ್ಲಿಷಿನಲ್ಲೇ ಮೆಸೇಜು ಮಾಡಿಕೊಳ್ಳುತ್ತಾರೆ. ಭಾನುವಾರ ಅಲ್ಲಿ ಪ್ರತಿಭಾಳ ಬ್ಯೂಟಿ ಪಾರ್ಲರ್ ಶುರು. ಪೂಜೆಯಾದ ಮೇಲೆ ಕುರ್ಚಿಯಲ್ಲಿ ಮೊದಲು ಕೂರುವವಳು, ಅಂದರೆ ಬೋಣಿ ಮಾಡುವವಳು, ಗಗನಾನೇ ಆಗಬೇಕೆಂದು ಅವಳ ಆಸೆ. ಬರದಿದ್ದರೆ ನಾದಿನಿ ಸೌಂದರ್ಯಾಳನ್ನು ಕೂರಿಸಬೇಕಾಗುತ್ತದೆ, ಇವತ್ತೇ ತಿಳಿಸು ಎಂದು ಬೆಳಿಗ್ಗೆ ಕೇಳಿದ್ದಳು.

ಗಗನಾ ಓದಿದಳು. ‘ಹಾಯ್ ಪ್ರತಿ, ಐ ವಿಲ್ ಕಮ್ ಆನ್ ಸಂಡೇ. ವಿ ವಿಲ್ ಹ್ಯಾವ್ ಫನ್.’

ಮಿಸ್ ತಪ್ಪು ಹುಡುಕಲಿಲ್ಲ. ವಾಕ್ಯ ಸರಿಯಾಗಿದೆ, ಆದರೆ ಇದನ್ನು ಓದಿದರೆ ಪ್ರತಿಭಾ ಏನಂದುಕೊಳ್ಳುತ್ತಾಳೆ ಎಂದಷ್ಟೇ ಕೇಳಿದರು. ಗಗನಾ ತಲೆ ತಗ್ಗಿಸಿದಳು. ಪ್ರತಿಭಾಗೂ ಇದೇ ಬೋರ್ಡಿನಲ್ಲಿ ಇದೇ ಪಾಠ ಆಗಿದೆಯಲ್ಲ. ಅವಳ ಸೀಮಂತಕ್ಕೆ ‘ಐ ವಿಲ್ ಕಮ್’, ಮಗುವಿನ ನಾಮಕರಣಕ್ಕೆ ‘ಐ ವಿಲ್ ಕಮ್’, ಗೃಹಪ್ರವೇಶಕ್ಕೂ ಅದೇ. ಒಂದಕ್ಕೂ ಗಗನಾ ಹೋಗಿರಲಿಲ್ಲ. ಪ್ರತಿ ಸಲವೂ ಅಂಗಡಿಯಲ್ಲಿ ರಜೆ ಕೇಳುವ ಧೈರ್ಯ ನಾಳೆ ಬರುತ್ತದೆಂದು ಕಾದು, ನಾಳೆ ಅನ್ನುವುದೇ ಮುಗಿದುಹೋಗಿತ್ತು. ಈ ಸಲವೂ ರಜೆ ಕೇಳಿರಲಿಲ್ಲ. ಇನ್ನೊಂದು ‘ವಿಲ್’ ಹೋದರೆ ಕುರ್ಚಿ ಸೌಂದರ್ಯಾಳದ್ದು. ಅದಾದ ಮೇಲೆ ಪ್ರತಿಭಾ ತನ್ನನ್ನು ಯಾವುದಕ್ಕೂ ಕರೆಯುವುದಿಲ್ಲ ಎಂದು ಗಗನಾ ಮೆಲ್ಲಗೆ ಹೇಳಿದಳು.

ಮುನಿಲಕ್ಷ್ಮಮ್ಮನಿಗೆ ಇದು ಸಮಸ್ಯೆಯೇ ಅಲ್ಲ. “ಕಮಿಂಗ್ ಅಂತ ಕಳಿಸ್ಬಿಡು ಕಣಮ್ಮ. ಬೋಣಿ ನಿಂದೇ ಆಗೋಗುತ್ತೆ. ಆಮೇಲೆ ಹೋಗೋದು ಬಿಡೋದು ನೋಡ್ಕೊಂಡ್ರಾಯ್ತು.”

ಗಗನಾಳ ಹೆಬ್ಬೆರಳು ಒಂದು ಕ್ಷಣ ಹಾಗೇ ಹೊರಟಿತ್ತು. ‘ಐ ಆಮ್ ಕಮಿಂಗ್’ ಎಂದು ಟೈಪೂ ಮಾಡಿದ್ದಳು. ಮಿಸ್ ಬೋರ್ಡು ಒರೆಸುತ್ತಾ ಬೆನ್ನು ತಿರುಗಿಸಿಕೊಂಡೇ ಇದ್ದರು. ಬೈದಿದ್ದರೆ ಗಗನಾ ಕಳಿಸಿಯೇ ಬಿಡುತ್ತಿದ್ದಳೋ ಏನೋ. ಬೈಯದ್ದರಿಂದ ಅಳಿಸಿದಳು. ಅಂಗಡಿಯ ಮಾಲೀಕ ವಿಶ್ವಾರಾಧ್ಯರಿಗೆ ಅಲ್ಲಿಂದಲೇ ಫೋನು ಮಾಡಿದಳು.

ನಾವೆಲ್ಲ ಕಿವಿ ನಿಮಿರಿಸಿದೆವು. ವಿಶ್ವಾರಾಧ್ಯರದು ರೇಷ್ಮೆಯಂಥದೇ ದನಿ, ಎಲ್ಲಿ ಹಿಡಿದರೂ ಜಾರುತ್ತದೆ. ಭಾನುವಾರ ಅಂದರೆ ಮದುವೆ ಗಿರಾಕಿಗಳ ದಿನ, ನಿನಗೇ ಗೊತ್ತಲ್ಲಮ್ಮ, ಆದರೂ ನೋಡೋಣ ಎಂದರು. ಅವರ ‘ನೋಡೋಣ’ವನ್ನು ನಾನು ಆಮೇಲೆ ಮನೆಯಲ್ಲಿ ಬಹಳ ಸಲ ಅಭ್ಯಾಸ ಮಾಡಿದೆ. ಒಂದು ‘ಇಲ್ಲ’ವನ್ನು ಅಷ್ಟು ಮೃದುವಾಗಿ ಮಡಿಚಿ ಕವರಿಗೆ ಹಾಕಿ ಕೊಡುವುದು ಸುಲಭವಲ್ಲ.

ಗಗನಾ ಫೋನಿಟ್ಟಳು. ಮಿಸ್ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಇಡೀ ದಿನ ಆಗದಿದ್ದರೆ ಎಷ್ಟು ಹೊತ್ತು ಆಗುತ್ತದೆ, ಅದನ್ನಾದರೂ ಗೊತ್ತು ಮಾಡಿಕೋ ಎಂದರು. ಗಗನಾ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಮೋನಿಷಾಗೆ ಫೋನು ಮಾಡಿದಳು. ಮೋನಿಷಾಗೆ ಭಾನುವಾರ ವಾರದ ರಜೆ. ಬೆಳಿಗ್ಗೆ ಬಟ್ಟೆ ಒಗೆದು ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಕಾರ್ಯಕ್ರಮ ಬಿಡುವ ಹಾಗಿಲ್ಲ, ಊಟ ಆದ ಮೇಲೆ ಬಂದು ನಿನ್ನ ಕೌಂಟರಿನಲ್ಲಿ ನಿಲ್ಲುತ್ತೇನೆ ಎಂದಳು. ಬದಲಿಗೆ ಹಬ್ಬದ ಹಿಂದಿನ ದಿನ ತನ್ನ ಪಾಳಿ ಗಗನಾ ನೋಡಿಕೊಳ್ಳಬೇಕು. ಹಬ್ಬದ ಹಿಂದಿನ ದಿನ ಸೀರೆ ಅಂಗಡಿ ಹೇಗಿರುತ್ತದೆಂದು ಗೊತ್ತಿದ್ದೂ ಗಗನಾ ಹೂಂ ಅಂದಳು. ಮತ್ತೆ ಮಾಲೀಕರಿಗೆ ಫೋನು. ಮೋನಿಷಾ ನಿಲ್ತಾಳಾದರೆ ಮಧ್ಯಾಹ್ನದ ಮೇಲೆ ನಂದೇನೂ ಅಡ್ಡಿ ಇಲ್ಲಮ್ಮ ಎಂದರು ಅವರು.

ಈಗ ಗಗನಾ ಹೊಸದಾಗಿ ಬರೆದಳು. ಬರೆದದ್ದನ್ನು ನಿಂತು ಓದಿದಳು, ನಿಲ್ಲು ಎಂದು ಯಾರೂ ಹೇಳಿರಲಿಲ್ಲ.

‘ಹಾಯ್ ಪ್ರತಿ. ಐ ಆಮ್ ವರ್ಕಿಂಗ್ ಆನ್ ಸಂಡೇ ಮಾರ್ನಿಂಗ್, ಸೋ ಐ ವಿಲ್ ಮಿಸ್ ದ ಪೂಜಾ. ಬಟ್ ಐ ಆಮ್ ಕಮಿಂಗ್ ಇನ್ ದ ಈವ್ನಿಂಗ್. ಮೋನಿಷಾ ಈಸ್ ಟೇಕಿಂಗ್ ಮೈ ಕೌಂಟರ್ ಆಫ್ಟರ್ ಲಂಚ್. ಗಿವ್ ಸೌಂದರ್ಯಾ ದ ಚೇರ್ ಇಫ್ ಯು ಕಾಂಟ್ ವೇಟ್.’

ಸ್ವಲ್ಪ ತಡೆದು ಇನ್ನೊಂದು ವಾಕ್ಯ ಸೇರಿಸಿದಳು. ‘ಓ, ಐ ವಿಲ್ ಬ್ರಿಂಗ್ ಕಾಂಗ್ರೆಸ್ ಕಡ್ಲೆಕಾಯಿ.’

ಈ ಖಾರದ ಕಡ್ಲೆಗೆ ಯಾಕೆ ‘ವಿಲ್’ ಎಂದು ಮಿಸ್ ಕೇಳಿದರು. ಈಗ ತಾನೇ ಹೊಳೀತು ಮಿಸ್ ಎಂದಳು. ಮಿಸ್ ಮುಖದಲ್ಲಿ ನಗು ಬರಲು ಅರ್ಜಿ ಹಾಕಿತು. ಮಂಜೂರಾಗಲಿಲ್ಲ.

ಉತ್ತರ ಬರಲು ಬಹಳ ಹೊತ್ತಾಯಿತು. ಕ್ಲಾಸು ಮುಗಿದರೂ ಯಾರೂ ಏಳಲಿಲ್ಲ. ಮುನಿಲಕ್ಷ್ಮಮ್ಮ ಚಪ್ಪಲಿ ಹಾಕಿಕೊಂಡವರು ಮತ್ತೆ ಬಿಟ್ಟು ಒಳಗೆ ಬಂದರು. ಕೊನೆಗೆ ಫೋನು ಟಿಂಗ್ ಎಂದಿತು. ‘ಹೂ ಈಸ್ ದಿಸ್? ವೇರ್ ಈಸ್ ಮೈ ಫ್ರೆಂಡ್ ಗಗನಾ?’ ಅದರ ಹಿಂದೆಯೇ ಕನ್ನಡದಲ್ಲಿ ಒಂದು ವಾಯ್ಸ್ ನೋಟ್. ಗಗನಾ ಅದನ್ನು ಕಿವಿಗೆ ಒತ್ತಿಕೊಂಡು ಕೇಳಿದಳು, ಆಮೇಲೆ ನಮಗೂ ಕೇಳಿಸಿದಳು.

“ಪೂಜೆ ಅದರ ಪಾಡಿಗೆ ಆಗ್ಲಿ ಕಣೇ. ಸಂಜೆ ತನಕ ನಾನು ಯಾರ ತಲೇನೂ ಮುಟ್ಟಲ್ಲ. ನಮ್ಮತ್ತೆ ಅಂಗಡಿ ತೆಗೆದ ದಿನಾನೇ ಕತ್ತರಿ ಸುಮ್ನೆ ಇಡಬಾರದು ಅಂತಿದಾರೆ. ನೀನು ಬರ್ಲಿಲ್ಲ ಅಂದ್ರೆ ನಾನು ಅವರಿಗೆ ಮುಖ ತೋರಿಸೋ ಹಾಗಿಲ್ಲ. ಗೊತ್ತಾಯ್ತಾ?”

ಇಷ್ಟು ದಿನ ಗಗನಾಳ ‘ಬರ್ತೀನಿ’ಯ ಮೇಲೆ ಯಾರೂ ಏನನ್ನೂ ಕಟ್ಟಿರಲಿಲ್ಲ. ಈಗ ಒಂದು ಅಂಗಡಿಯೇ ನಿಂತಿತ್ತು.

ಭಾನುವಾರ ನಡೆದದ್ದನ್ನು ಗಗನಾ ನಮಗೆ ಆಮೇಲೆ ಹೇಳಿದಳು. ಮಧ್ಯಾಹ್ನ ಮೋನಿಷಾ ಎಣ್ಣೆ ತಲೆಯಲ್ಲೇ ಬಂದು ನಿಂತ ಹೊತ್ತಿಗೆ ಸರಿಯಾಗಿ, ಮದುವೆ ಮನೆಯವರ ಒಂದು ಗುಂಪು ವ್ಯಾನಿನಿಂದ ಇಳಿಯಿತಂತೆ. ಗುರುಬಸಮ್ಮ ಎಂಬ ಹಿರಿಯರು ಮುಂದೆ. ಹಿಂದಿನ ಮದುವೆಗೂ ಇದೇ ಹುಡುಗಿ ಆರಿಸಿಕೊಟ್ಟಿದ್ದು, ಈಗಲೂ ಇವಳೇ ತೋರಿಸಬೇಕು ಎಂದು ಗಗನಾಳ ಎದುರು ಹಾಸಿನ ಮೇಲೆ ಕೂತೇ ಬಿಟ್ಟರು. ವಿಶ್ವಾರಾಧ್ಯರು ಕೈ ಉಜ್ಜಿಕೊಳ್ಳುತ್ತಾ ಬಂದು, ಸ್ವಲ್ಪ ಹೊತ್ತು ಇರಮ್ಮ, ಆಮೇಲೆ ನೋಡೋಣ ಎಂದರು.

ಮೊದಲಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಗನಾ ಮೋನಿಷಾಳ ಕೈಗೆ ಟೇಪು ಕೊಟ್ಟು, ಗುರುಬಸಮ್ಮನ ಪಕ್ಕ ಮಂಡಿಯೂರಿ ಕೂತು, ಗೆಳತಿ ಅಂಗಡಿಯ ಬೋಣಿಗೆ ನನ್ನನ್ನೇ ಕಾಯುತ್ತಿದ್ದಾಳೆ ಎಂದು ಹೇಳಿದಳು.

“ಬೋಣಿಗಾ? ಮೊದ್ಲೇ ಹೇಳ್ಬಾರ್ದಾ ಮಗಳೇ. ಹೋಗು, ಹೋಗು,” ಎಂದರು ಗುರುಬಸಮ್ಮ. ಆಮೇಲೆ ಮಾಲೀಕರ ಕಡೆ ತಿರುಗಿ, “ಏನಪ್ಪಾ, ಬೋಣಿಗೆ ಹೊರಟೋಳನ್ನ ಹಿಡ್ಕೊಂಡು ನೀನೆಂಥ ವ್ಯಾಪಾರ ಮಾಡ್ತೀಯ?”

ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ವಿಶ್ವಾರಾಧ್ಯರೇ ಅವಳ ಬ್ಯಾಗು ತಂದುಕೊಟ್ಟರು.

ತುಮಕೂರಿನಲ್ಲಿ ಅವಳು ಬಸ್ಸಿಳಿದು ಪಾರ್ಲರ್ ಹುಡುಕಿ ಹೋದಾಗ, ಒಳಗಿನ ಬೆಂಚಿನಲ್ಲಿ ಸೌಂದರ್ಯಾ ಸೇರಿದಂತೆ ಅಕ್ಕಪಕ್ಕದ ಹೆಂಗಸರು ಸಾಲಾಗಿ ಕೂತು ಕಾಫಿ ಕುಡಿಯುತ್ತಿದ್ದರು. ಯಾರ ಕೂದಲೂ ಒಂದೆಳೆ ಮೋಟಾಗಿರಲಿಲ್ಲ. ಬಾಗಿಲಲ್ಲಿ ಪ್ರತಿಭಾಳ ಅತ್ತೆ ನಿಂತಿದ್ದರು. ಗಗನಾಳನ್ನು ಮೇಲಿಂದ ಕೆಳಗೆ ನೋಡಿ, ಇವಳೇನಾ ಅವಳು, ಇವಳು ನಿಜವಾಗ್ಲೂ ಇದಾಳಾ ಎಂದು ಸೊಸೆಯನ್ನು ಕೇಳಿದರಂತೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಗಗನಾನೂ ನಗಬೇಕಾಯಿತು.

ಪ್ರತಿಭಾ ನಗಲಿಲ್ಲ. ಕುರ್ಚಿಗೆ ಹಾಕಿದ್ದ ಬಟ್ಟೆಯನ್ನು ಕೊಡವಿದಳು. ಗಗನಾಳನ್ನು ಭುಜ ಹಿಡಿದು ಕೂರಿಸಿದಳು. ಜಡೆ ಬಿಚ್ಚಿ, ಬಾಚಿ, ಎರಡೂ ಕಡೆ ಸಮ ಇದೆಯೇ ಎಂದು ಕನ್ನಡಿಯಲ್ಲಿ ನೋಡುವ ನೆಪದಲ್ಲಿ ಬಹಳ ಹೊತ್ತು ಗೆಳತಿಯ ಮುಖವನ್ನೇ ನೋಡಿದಳು.

“ಎಷ್ಟು ಕಟ್ ಮಾಡ್ಲಿ?”

“ನಿನ್ನಿಷ್ಟ.”

“ಹಾಗನ್ಬೇಡ. ಸೀಮಂತದ್ದು, ನಾಮಕರಣದ್ದು, ಗೃಹಪ್ರವೇಶದ್ದು, ಎಲ್ಲಾ ಸೇರಿಸಿ ಕಟ್ ಮಾಡೋಕೆ ಕೂತ್ರೆ ಏನೂ ಉಳಿಯಲ್ಲ ನಿಂಗೆ.”

ಗಗನಾ ಕಣ್ಣು ಮುಚ್ಚಿಕೊಂಡು, ಬೋಳಿಸಿದರೂ ಸರಿ ಎಂದಳು. ಪ್ರತಿಭಾ ಆಗ ನಕ್ಕಳು. ನಗುವಿಗೆ ಕೈ ನಡುಗೀತೆಂದು ಕತ್ತರಿ ಪಕ್ಕಕ್ಕಿಟ್ಟು, ನೀರು ಕುಡಿದು ಬಂದು, ತುದಿಯಲ್ಲಿ ಒಂದು ಬೆರಳಿನಷ್ಟು ಮಾತ್ರ ಕತ್ತರಿಸಿದಳು.