ಸಮಿತಿ ಕೊಡಿಸಿದ ರಜೆ

ಬಾಯಿಗೆ ಬಾಗಿಲು ಇಟ್ಟ ದೇವರು ಅಗುಳಿಯನ್ನು ಮಾತ್ರ ನಮ್ಮ ಕೈಗೇ ಬಿಟ್ಟಿದ್ದಾನೆ ಎಂದು ದೊಡ್ಡಕ್ಕ ಹೇಳುವುದುಂಟು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳು ಮಡಿಸುವ ವಿಭಾಗದ ಮೇಲ್ವಿಚಾರಕಿ. ಹೆಂಗಸರಿಗೆ ಕಿರುಕುಳವಾದರೆ ದೂರು ಕೇಳುವ ಸಮಿತಿಗೂ ಅವಳೇ ಅಧ್ಯಕ್ಷೆ. ದೂರಿನ ಮಾತು ಸಮಿತಿಯ ಕೋಣೆ ದಾಟಬಾರದು, ದೂರು ಕೊಟ್ಟವಳ ಗುರುತು ಯಾರಿಗೂ ತಿಳಿಯಬಾರದು. ಅದು ಅಲ್ಲಿನ ಮೊದಲ ನಿಯಮ.

ಅಂಥ ದೂರೊಂದರ ವಿಚಾರಣೆ ನಡೆಯುತ್ತಿದ್ದ ಕಾಲಕ್ಕೇ ಪತ್ರಿಕೆಯ ವರದಿಗಾರ್ತಿಯೊಬ್ಬಳು ಭೇಟಿ ಕೋಣೆಗೆ ಬಂದು ಕುಳಿತಳು. ದೊಡ್ಡಕ್ಕ ಚಹಾ ತರಿಸಿದಳು. ಬೇಡ ಅನ್ನುವುದನ್ನೂ ಚಹಾ ಕೊಟ್ಟೇ ಅನ್ನಬೇಕು, ಅವಳು ಬೆಳೆದ ರೀತಿ ಹಾಗೆ.

"ಮ್ಯಾನೇಜರ್ ಮೇಲೆ ದೂರು ಬಂದಿದೆಯಂತೆ. ಕಂಪನಿಯವರು ದೂರೇ ಇಲ್ಲ ಅಂತಿದಾರೆ. ನೀವು ಒಂದೈದು ನಿಮಿಷ ಮಾತಾಡಿದ್ರೆ ಸಾಕು, ಮೇಡಂ."

"ನೋಡಮ್ಮ, ದೂರು ಇದೆ ಅಂತಾನೂ ನಾನು ಹೇಳೋ ಹಾಗಿಲ್ಲ, ಇಲ್ಲ ಅಂತಾನೂ ಹೇಳೋ ಹಾಗಿಲ್ಲ. ನಿನ್ನ ಮೇಲೆ ಮುನಿಸೇನಿಲ್ಲ. ನೀನು ಕೇಳೋದು ನಿನ್ನ ಕೆಲಸ, ನಾನು ಹೇಳದೇ ಇರೋದು ನನ್ನ ಕೆಲಸ."

"ಇಷ್ಟು ಚೆನ್ನಾಗಿ ಇಲ್ಲ ಅಂದೋರು ನೀವೇ ಮೊದಲು," ಎಂದು ವರದಿಗಾರ್ತಿ ನಕ್ಕಳು. "ಉಳಿದೋರು ಫೋನೇ ಇಟ್ಟುಬಿಡ್ತಾರೆ."

"ಫೋನ್ ಇಟ್ಟೋರಿಗೆ ಚಹಾ ಖರ್ಚು ಉಳೀತು ಬಿಡು."

ಇಬ್ಬರೂ ನಕ್ಕರು. ವರದಿಗಾರ್ತಿ ಪೆನ್ನು ಮುಚ್ಚಿ ಎದ್ದಳು. ಆ ಕೋಣೆಯ ಗಾಜಿನಾಚೆ ಇಸ್ತ್ರಿ ವಿಭಾಗ. ಒಂದು ಮೆಷಿನ್ನು ಬಿಟ್ಟು ಉಳಿದವೆಲ್ಲ ಬಿಳಿ ಹಾಸಿಗೆ ಬಟ್ಟೆಗಳನ್ನು ನುಂಗಿ ಉಗುಳುತ್ತಿದ್ದವು.

"ಅದೇನು, ಕೆಟ್ಟಿದೆಯಾ?"

ಕಷ್ಟದ ಮಾತು ಮುಗಿಯಿತೆಂದು ದೊಡ್ಡಕ್ಕನ ಎದೆ ಹಗುರಾಗಿತ್ತು. ಇಲ್ಲ ಇಲ್ಲ ಎಂದೇ ಇಷ್ಟು ಹೊತ್ತು ಕಳೆದವಳಿಗೆ, ಒಂದಾದರೂ ಪ್ರಶ್ನೆಗೆ ಉತ್ತರ ಕೊಡುವ ಆಸೆ.

"ಕೆಟ್ಟಿಲ್ಲಮ್ಮ. ಅದರ ಹುಡುಗಿ ರಜೆಯಲ್ಲಿದ್ದಾಳೆ. ಸಮಿತಿಯಿಂದ ನಾವೇ ಕೊಡಿಸಿದ್ದು."

ವರದಿಗಾರ್ತಿ ಏನನ್ನೂ ಬರೆದುಕೊಳ್ಳಲಿಲ್ಲ. ಮೆಷಿನ್ನನ್ನು ನೋಡಿದಳು, ದೊಡ್ಡಕ್ಕನನ್ನು ನೋಡಿದಳು, ಚೀಲ ಹೆಗಲಿಗೇರಿಸಿದಳು. ವಿಚಾರಣೆ ನಡೆಯುವಾಗ ದೂರು ಕೊಟ್ಟವಳಿಗೆ ಸಮಿತಿ ರಜೆ ಕೊಡಿಸಬಹುದೆಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ದೊಡ್ಡಕ್ಕನಿಗೆ ಆ ಸುಮ್ಮನಿರುವಿಕೆಯಲ್ಲೇ ತಿಳಿಯಿತು.

ಗೇಟಿನ ತನಕ ಹಿಂದೆಯೇ ಹೋದಳು. "ಕೊನೆಗೆ ಅಂದದ್ದನ್ನ ಮರೆತುಬಿಡಮ್ಮ."

"ಹೇಳೋಕೆ ಮುಂಚೆ 'ಬರೀಬೇಡ' ಅಂತ ನೀವು ಅಂದು, ನಾನು ಒಪ್ಪಿದ್ದಿದ್ರೆ ಮಾತು ಬೇರೆ, ಮೇಡಂ. ಆದ್ರೂ ದೂರು ಕೊಟ್ಟೋರ ಗುರುತು ನಾವು ಯಾವತ್ತೂ ಹಾಕಲ್ಲ. ನಿಮ್ಮ ಬಾಯಿಂದ ಬಂತು ಅಂತಾನೂ ಹಾಕಲ್ಲ. ದೂರು ಇದೆ ಅನ್ನೋದನ್ನ ಬೇರೆ ಕಡೆ ಕೇಳಿ ಖಾತ್ರಿ ಮಾಡ್ಕೋತೀನಿ."

"ಬೇರೆ ಕಡೆ ಅಂದ್ರೆ?"

"ಅದು ನಾನು ಹೇಳೋ ಹಾಗಿಲ್ಲವಲ್ಲ," ಎಂದು ಮೆತ್ತಗೆ ನಕ್ಕಳು.

"ಅವಳ ಮನೆ ಹುಡುಕ್ಕೊಂಡು ಹೋಗಬೇಡ."

"ಹೋಗಲ್ಲ. ಚಹಾ ಚೆನ್ನಾಗಿತ್ತು, ಬರ್ತೀನಿ."

ವರದಿಗಾರ್ತಿ ಕೆಟ್ಟವಳಾಗಿದ್ದರೆ ಬಯ್ದಾದರೂ ಹಗುರಾಗಬಹುದಿತ್ತು. ಮುಚ್ಚಿಟ್ಟರೂ ಕೇಳುವವರಿಲ್ಲ. ಕೇಳದೇ ಇದ್ದರೂ ತಿಳಿಯುವವನೊಬ್ಬ ಮೇಲಿದ್ದಾನಲ್ಲ ಎಂದು ದೊಡ್ಡಕ್ಕ ಮೊದಲು ಸಮಿತಿಯಲ್ಲಿದ್ದ ಕಂಪನಿಯ ಹೊರಗಿನ ಸದಸ್ಯೆಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ದೂರು ಕೊಟ್ಟವಳಿಗೂ ನೀವೇ ಹೇಳಬೇಕು," ಎಂದಳು ಆಕೆ. ಸಂಜೆ ದೊಡ್ಡಕ್ಕ ಆ ಹುಡುಗಿಯ ಮನೆ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದ ತಾಯಿ ಮುಖವರಳಿಸಿ ಕೂರಿಸಿದಳು. "ಬೆನ್ನುನೋವು ಅಂತ ಮಗಳು ಮಲಗಿದ್ರೆ ಮನೇತನಕ ಬಂದ್ರಲ್ಲ. ನಿಮ್ಮಂಥೋರು ಇದೀರಿ ಅಂತಾನೇ ನಾನು ಅವಳನ್ನ ಕೆಲಸಕ್ಕೆ ಕಳಿಸೋದು," ಎಂದು ನೀರು ತರಲು ಒಳಗೆ ಹೋದಳು.

ಆ ಸಣ್ಣ ಬಿಡುವಿನಲ್ಲಿ ದೊಡ್ಡಕ್ಕ ಚಾಪೆಯ ಮೇಲೆ ಮಲಗಿದ್ದ ಹುಡುಗಿಗೆ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಹುಡುಗಿ ಎದ್ದು ಕುಳಿತಳು.

"ಬಾಯಿ ಬಿಡಬೇಡ ಅಂದೋರು ನೀವೇ ಅಲ್ವಾ. ಹೆತ್ತಮ್ಮಂಗೆ ಬೆನ್ನುನೋವು ಅಂತ ಸುಳ್ಳು ಹೇಳ್ಕೊಂಡು ಬಿದ್ದಿದೀನಿ ನಾನು."

"ತಪ್ಪಾಯ್ತು ಕಣಮ್ಮ. ಬೇಕಿದ್ರೆ ಸಮಿತಿಯಿಂದ ನಾನು ಇಳೀತೀನಿ."

ಒಳಗೆ ಲೋಟ ತೊಳೆಯುವ ಸದ್ದು.

"ಇಳೀಬೇಡಿ. ಆ ಜಾಗಕ್ಕೆ ಮ್ಯಾನೇಜರ್ ಯಾರನ್ನ ಕೂರಿಸ್ತಾರೆ ಅಂತ ನಂಗೂ ಗೊತ್ತು. ಆದ್ರೆ ಇನ್ಮೇಲೆ ನಿಮ್ಮೊಬ್ಬರ ಹತ್ರ ನಾನೇನೂ ಹೇಳಲ್ಲ. ನಾನು ಮಾತಾಡೋವಾಗ ಆ ಹೊರಗಿನ ಮೇಡಂ ಪಕ್ಕದಲ್ಲೇ ಇರಬೇಕು."

"ಆಗಲಿ," ಎಂದಳು ದೊಡ್ಡಕ್ಕ.

ತಾಯಿ ನೀರು ತಂದಳು. "ಏನಂತಾಳೆ? ಯಾವಾಗ ಬರ್ತಾಳಂತೆ ಕೆಲಸಕ್ಕೆ?"

ಹುಡುಗಿ ತಲೆಯೆತ್ತಿ ದೊಡ್ಡಕ್ಕನನ್ನೇ ನೋಡುತ್ತಿದ್ದಳು.

"ಅದನ್ನ ಅವಳೇ ಹೇಳಬೇಕಮ್ಮ," ಎಂದು ದೊಡ್ಡಕ್ಕ ಲೋಟಕ್ಕೆ ಕೈಯೊಡ್ಡಿದಳು.