ಸಂತೆ ದಿನದ ಉತ್ತರ

ಹಗರಿಬೊಮ್ಮನಹಳ್ಳಿಯಲ್ಲಿ ಗವಿಸಿದ್ದೇಶನ ಟ್ರಾವೆಲ್ಸ್ ಶುರುವಾದ ದಿನದಿಂದ ವಾಣಿಶ್ರೀ ಅಲ್ಲೇ ಕೆಲಸಕ್ಕಿದ್ದಳು. ಆದರೂ ಈಗೀಗ ಬಾಗಿಲಿಗೆ ಬಂದವರ ಬಾಯಲ್ಲಿ ಒಂದೇ ಮಾತು: "ಭಾಗ್ಯಮ್ಮ ಅದಾಳೇನ್ರಿ?"

ಭಾಗ್ಯ ಹರಪನಹಳ್ಳಿಯಿಂದ ಬಂದು ಸೇರಿ ವರ್ಷವೂ ತುಂಬಿರಲಿಲ್ಲ. ಬೆಂಗಳೂರಿನಿಂದ ಕಾಶಿಗೆ ಹೋಗುವ ವಿಮಾನಗಳನ್ನು ಒಂದು ಕಂಪನಿ ರದ್ದು ಮಾಡಿ, ದುಡ್ಡು ವಾಪಸ್ ಕೊಡುತ್ತೇವೆ ಅಂದು, ಕೊಡದೆ ಸತಾಯಿಸುತ್ತಿದ್ದ ಕಾಲವದು. ಹಡಗಲಿ, ಕೂಡ್ಲಿಗಿ, ತಂಬ್ರಹಳ್ಳಿ ಎಲ್ಲ ಕಡೆಯ ಗಿರಾಕಿಗಳು ಕಾಗದ ಬರೆಯುತ್ತಿದ್ದರು, ಫೋನ್ ಮಾಡುತ್ತಿದ್ದರು. ಅವರಿಗೆಲ್ಲ ಕಳಿಸಲು ವಾಣಿಶ್ರೀ ಒಂದು ಉತ್ತರ ಮಾಡಿಟ್ಟಿದ್ದಳು. ಹೆಸರಿನ ಜಾಗ ಖಾಲಿ, ಕೆಳಗೆ, "ಹಣ ಬಂದ ಕೂಡಲೇ ತಿಳಿಸಲಾಗುವುದು. ಸಹಕರಿಸಿ." ಅದನ್ನು ಓದಿದವರು ಸಹಕರಿಸಲಿಲ್ಲ, ಅಂಗಡಿಗೇ ಬಂದು ಜಗಳ ತೆಗೆದರು.

ಭಾಗ್ಯ ಬೇರೆ ಮಾದರಿ ಬರೆದಳು. ಹಣ ಮೊದಲು ವಿಮಾನ ಕಂಪನಿಯಿಂದ ಬೆಂಗಳೂರಿನ ದೊಡ್ಡ ಏಜೆಂಟರ ಖಾತೆಗೆ, ಅಲ್ಲಿಂದ ನಮಗೆ, ನಮ್ಮಿಂದ ನಿಮಗೆ. ಈಗ ಇಂಥ ಕಡೆ ನಿಂತಿದೆ. ಯಾವ ದಿನ ಬರುತ್ತದೋ ನಮಗೂ ಗೊತ್ತಿಲ್ಲ. ಸುದ್ದಿ ಇರಲಿ ಬಿಡಲಿ, ಸೋಮವಾರ ನಾವೇ ಫೋನ್ ಮಾಡುತ್ತೇವೆ. ಇಷ್ಟೇ. ಸೋಮವಾರ ಕೂತು ಫೋನನ್ನೂ ಮಾಡಿದಳು. ದುಡ್ಡು ಬರಲಿಲ್ಲ, ಜಗಳ ಮಾತ್ರ ನಿಂತಿತು.

ವಾಣಿಶ್ರೀಗೆ ಅದು ಸಹಿಸಲಾಗಲಿಲ್ಲ. ಗವಿಸಿದ್ದೇಶ ಕೊಟ್ಟೂರಿನಲ್ಲಿ ಇನ್ನೊಂದು ಕೌಂಟರ್ ತೆರೆಯುವವನಿದ್ದ. ಇಬ್ಬರಲ್ಲಿ ಒಬ್ಬರನ್ನು ಅಲ್ಲಿ ಕೂರಿಸುತ್ತೇನೆ ಅಂದಿದ್ದ. ಕೊಟ್ಟೂರು ವಾಣಿಶ್ರೀಯ ಊರು. ದಿನಾ ಬಸ್ಸಿನಲ್ಲಿ ನಿಂತು ಬಂದು ಹೋಗುವುದು ತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಓಣಿಯ ಜನ ನೋಡುವ ಹಾಗೆ ಸ್ವಂತ ಕುರ್ಚಿ. ನಿನ್ನೆ ಮೊನ್ನೆ ಬಂದವಳು ಅದರಲ್ಲಿ ಕೂರುವುದೆಂದರೆ?

ಭಾಗ್ಯ ರಜೆ ಹಾಕಿದ ದಿನ ಬೆಂಗಳೂರಿನ ಏಜೆಂಟರ ಫೋನ್ ಬಂತು: "ಕಂಪನಿಯವರು ಒಪ್ಪಿದ್ದಾರೆ." ಒಪ್ಪುವುದೇ ಬೇರೆ, ಹಣ ಖಾತೆಗೆ ಬೀಳುವುದೇ ಬೇರೆ. ವಾಣಿಶ್ರೀಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಭಾಗ್ಯಳ ಮಾದರಿ ತೆಗೆದು, ಸೋಮವಾರದ ಸಾಲು ಅಳಿಸಿ, "ಬರುವ ಸಂತೆ ದಿನ ಬಂದು ಹಣ ಒಯ್ಯಿರಿ. ವಾಣಿಶ್ರೀಯನ್ನು ಕಾಣಿರಿ" ಎಂದು ಸೇರಿಸಿದಳು. ಗವಿಸಿದ್ದೇಶ ಓದದೆ ಸೀಲು ಒತ್ತಿದ. ಊರೂರಿನ ಬಸ್ ಕಂಡಕ್ಟರುಗಳ ಕೈಯಲ್ಲಿ ಕಾಗದಗಳು ಅಂದೇ ಹೊರಟವು.

ಸಂತೆ ದಿನ ಬೆಳಿಗ್ಗೆಯೇ ಅಂಗಡಿ ತುಂಬಿತು. ತಂಬ್ರಹಳ್ಳಿಯ ಪಾಲಾಕ್ಷಪ್ಪ ಹೆಂಡತಿ ಮೈಲಮ್ಮನ ಜೊತೆ ಬಂದಿದ್ದ. ಮೈಲಮ್ಮನ ಕೈಯಲ್ಲಿ ಶೇಂಗಾದ ಗಂಟು. "ವಾಣಿಶ್ರೀ ಅಂದ್ರ ಯಾರವ್ವ? ಆಕಿಗೆ ತಂದೀನಿ," ಅಂದಳು.

ತನ್ನ ಹೆಸರು ಹಿಡಿದು ಗಿರಾಕಿ ಕೇಳಿದ್ದು ಅದೇ ಮೊದಲು. ಒಂದು ಗಳಿಗೆ ವಾಣಿಶ್ರೀಗೆ ಹಿತವಾಯಿತು. ಆದರೆ ಬೆಂಗಳೂರಿನ ಖಾತೆಗೆ ಇನ್ನೂ ಬಿಡಿಗಾಸು ಬಿದ್ದಿರಲಿಲ್ಲ.

ಗವಿಸಿದ್ದೇಶ ಒಬ್ಬರ ಕೈಯಿಂದ ಕಾಗದ ಇಸಿದುಕೊಂಡು ಓದಿದ. ಮುಖ ಕೆಂಪಾಯಿತು. "ಸಂತಿ ದಿನ ರೊಕ್ಕ ಕೊಡ್ತೀವಿ ಅಂತ ಯಾರು ಬರ್ದಿದ್ದು?"

ಭಾಗ್ಯ ಒಂದು ಹೆಜ್ಜೆ ಮುಂದೆ ಬಂದಳು. "ಅಣ್ಣಾ, ಮಾದರಿ ನಂದೇ. ಜನರ ಮುಂದ ನಾನಾ ಮಾತಾಡ್ತೀನಿ, ಬಿಡ್ರಿ."

ವಾಣಿಶ್ರೀಗೆ ಮೈಯೆಲ್ಲ ಉರಿದುಹೋಯಿತು. ಹೊಗಳಿಕೆಯಂತೂ ಇವಳದೇ, ಈಗ ನನ್ನ ತಪ್ಪನ್ನೂ ಹೊತ್ತು ದೊಡ್ಡವಳಾಗಬೇಕೇ? ಅದೊಂದನ್ನಾದರೂ ಬಿಟ್ಟುಕೊಡಬಾರದು.

"ಆಕಿ ಅಲ್ರಿ, ನಾನು!" ಎಂದು ಕೂಗಿದಳು. "ನಾನಾ ಬರ್ದೀನಿ. ಆಕಿ ಅವತ್ತು ಊರಾಗ ಇದ್ದಿಲ್ಲ."

ಪಾಲಾಕ್ಷಪ್ಪ ಟವಲಿನಿಂದ ಮುಖ ಒರೆಸಿಕೊಂಡ. "ಹಂಗಾದ್ರ ನೀನಾ ಹೇಳವ್ವ. ರೊಕ್ಕ ಯಾವಾಗ ಬರ್ತತಿ?"

"ಯಾವ ದಿನ ಬರ್ತತೋ ನಮಗೂ ಗೊತ್ತಿಲ್ರಿ. ಕಂಪನಿಯವರು ಒಪ್ಪ್ಯಾರ, ಬೆಂಗ್ಳೂರಿಗೆ ಇನ್ನಾ ಬಂದಿಲ್ಲ. ಸುದ್ದಿ ಇರ್ಲಿ ಬಿಡ್ಲಿ, ಸೋಮವಾರ ನಾನಾ ಫೋನ್ ಮಾಡ್ತೀನಿ."

ಹೇಳಿ ಮುಗಿದ ಮೇಲೆ ಹೊಳೆಯಿತು. ಅದಷ್ಟೂ ಭಾಗ್ಯಳ ಮಾದರಿ. ಬೈದುಕೊಳ್ಳುತ್ತಲೇ ಬಾಯಿಪಾಠವಾಗಿ ಹೋಗಿತ್ತು.

ಜನ ಗೊಣಗುತ್ತ ಸಂತೆಗೆ ಹೋದರು. ಮೈಲಮ್ಮ ಶೇಂಗಾದ ಗಂಟನ್ನು ವಾಪಸ್ ಒಯ್ಯಲಿಲ್ಲ, ಹಾಗಂತ ವಾಣಿಶ್ರೀಯ ಕೈಗೂ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟು ಹೋದಳು.

ಕೊಟ್ಟೂರಿನ ಕೌಂಟರಿನ ಬೀಗದ ಕೈ ಭಾಗ್ಯಳಿಗೆ ಸಿಕ್ಕಿತು. ಈಗ ದಿನಾ ಬೆಳಿಗ್ಗೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಭಾಗ್ಯ ಹರಪನಹಳ್ಳಿ ಬಸ್ಸಿನಿಂದ ಇಳಿಯುತ್ತಾಳೆ. ಅದೇ ಹೊತ್ತಿಗೆ ವಾಣಿಶ್ರೀ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತುತ್ತಾಳೆ. "ಊಟ ತಂದೀಯೇನಕ್ಕ?" ಎಂದು ಭಾಗ್ಯ ನಗುತ್ತಾಳೆ. ಆ ನಗು ಕಂಡರೆ ವಾಣಿಶ್ರೀಗೆ ಇವತ್ತಿಗೂ ಆಗದು. ಆದರೆ ಸೋಮವಾರ ಬಂತೆಂದರೆ ಸೀಟು ಸಿಗದಿದ್ದರೂ ಮೊದಲ ಬಸ್ಸಿಗೇ ಹತ್ತುತ್ತಾಳೆ, ತಂಬ್ರಹಳ್ಳಿಗೆ ಫೋನ್ ಮಾಡಬೇಕಲ್ಲ.