ಹೊರತು

ಕಾರು ದಾವಣಗೆರೆ ದಾಟುವಾಗ ಮುರುಗೇಶಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿದರು. "ನಿರ್ಮಲಾ, ಆ ಸಾಹೇಬ ಉದ್ದಕ್ಕೂ ಮಾತಾಡ್ತಾನೆ. ಅಷ್ಟೂ ಹೇಳ್ಬೇಕಂತೇನಿಲ್ಲ. ಸಾರಾಂಶ ಹೇಳು, ಸಾಕು. ಹಳ್ಳಿ ಜನಕ್ಕೆ ತಲೆ ಕೆಡ್ತೈತೆ."

ಮುರುಗೇಶಪ್ಪ ನಿರ್ಮಲಮ್ಮನ ಸೋದರಮಾವ. ದೆಹಲಿಯ ದುಭಾಷಿ ಕೆಲಸ ಬಿಟ್ಟು ಬಂದ ಮೇಲೆ ಊರಲ್ಲಿ ಸಿಕ್ಕ ಮೊದಲ ಕೆಲಸ ಇದು, ಕೊಡಿಸಿದ್ದು ಅವರೇ. ಆದರೂ ಸಾರಾಂಶ ಅನ್ನುವ ಮಾತು ಹರಿಹರ ಬರುವವರೆಗೂ ಅವಳ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಸಾರಾಂಶವೇ ಸಾಕಾಗಿದ್ದರೆ ಮಾವನೇ ಹೇಳಬಹುದಿತ್ತಲ್ಲ? ಅವರಿಗೂ ಇಂಗ್ಲಿಷ್ ಬರುತ್ತದೆ.

ಅದು ೧೯೬೧ರ ಮಾಘ ಮಾಸ. ತುಂಗಭದ್ರೆಯ ದಂಡೆಯಲ್ಲಿ ನೂಲಿನ ಕಾರ್ಖಾನೆ ಕಟ್ಟಲು ಬಂದ ಕಂಪನಿಯ ಇಂಜಿನಿಯರ್ ಪ್ರೆಸ್ಕಾಟ್ ಸಾಹೇಬ, ಕಡರನಾಯಕನಹಳ್ಳಿಯ ರೈತರ ಜೊತೆ ನೀರಿನ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಕಂಪನಿಯ ಪರವಾಗಿ ಹಳ್ಳಿಗೆ ಎರಡು ತಿಂಗಳಿಂದ ಓಡಾಡಿದವರು ಮುರುಗೇಶಪ್ಪ. ಸಭೆ ಸೇರಿದ್ದು ಹರಿಹರದ ಒಂದು ಛತ್ರದ ಅಂಗಳದಲ್ಲಿ. ಅಧ್ಯಕ್ಷತೆಗೆ ಇಂಗ್ಲಿಷ್ ಬಲ್ಲ ನಿವೃತ್ತ ಅಧಿಕಾರಿ ಬಕ್ಕೇಶಪ್ಪನವರನ್ನು ಕರೆದಿದ್ದರು. ಜಮಖಾನದ ಮೇಲೆ ಮೂವತ್ತು ಜನ ರೈತರು ಕೂತಿದ್ದರು. ನಿರ್ಮಲಮ್ಮ ಮಾವನ ಕಾರಿನಿಂದ ಇಳಿದದ್ದನ್ನು ಅವರೆಲ್ಲ ನೋಡಿದ್ದರು.

ಸಾಹೇಬ ಮಾತು ಶುರುಮಾಡಿದ. ಅವಳು ಮೊಳಕಾಲ ಮೇಲೆ ಸಣ್ಣ ಪುಸ್ತಕ ಇಟ್ಟುಕೊಂಡು ಗೀಚತೊಡಗಿದಳು. ಜಿನೀವಾದಲ್ಲಿ ಕೆಲಸ ಮಾಡಿ ಬಂದಿದ್ದ ಹೆಂಗಸೊಬ್ಬಳು ದೆಹಲಿಯಲ್ಲಿ ಕಲಿಸಿದ ವಿದ್ಯೆ ಅದು. ಮಾತನ್ನಲ್ಲ, ಮಾತಿನ ಅರ್ಥವನ್ನು ಬರೆದುಕೋ ಅನ್ನುತ್ತಿದ್ದಳು ಆಕೆ. ಯಾರು ಅನ್ನುವುದು ಮೇಲೆ ಎಡಕ್ಕೆ, ಏನು ಮಾಡುತ್ತಾರೆ ಅನ್ನುವುದು ಅದರ ಕೆಳಗೆ ಒಂದಿಷ್ಟು ಬಲಕ್ಕೆ, ಯಾವುದನ್ನು ಅನ್ನುವುದು ಇನ್ನೂ ಬಲಕ್ಕೆ, ಮೆಟ್ಟಿಲು ಇಳಿದ ಹಾಗೆ. ಏರಿದರೆ ಮೇಲಿನ ಬಾಣ, ಇಳಿದರೆ ಕೆಳಗಿನ ಬಾಣ. ಇಲ್ಲ ಎಂದರೆ ಪದದ ಮೇಲೊಂದು ಗೀಟು. ಸಂಖ್ಯೆ, ಹೆಸರು ಮಾತ್ರ ಕೇಳಿದ ಕ್ಷಣವೇ ಪೂರ್ತಿ ಬರೆಯಬೇಕು, ಅವನ್ನು ನೆನಪಿಗೆ ಬಿಡುವ ಹಾಗಿಲ್ಲ. ಆದರೆ, ಏಕೆಂದರೆ, ಹೊರತು ಇಂಥ ಕೊಂಡಿಗಳಿಗೆ ಎಡಗಡೆಯ ಅಂಚು ಮೀಸಲು. ಮಾತುಗಾರ ನಿಲ್ಲಿಸಿದ ಕಡೆ ಪುಟಕ್ಕೆ ಅಡ್ಡಗೆರೆ.

ಆರು ನಿಮಿಷಕ್ಕೆ ಸಾಹೇಬ ನಿಲ್ಲಿಸಿದ. ಅವಳು ಅಡ್ಡಗೆರೆ ಎಳೆದು, ತಲೆ ಎತ್ತಿ, ಜನರ ಮುಖ ನೋಡುತ್ತ ಹೇಳಿದಳು:

"ನಾನು ನಿಮ್ಮ ಊರಿಗಿಂತ ಮೇಲುಗಡೆ ಪಂಪು ಕೂಡಿಸ್ತೀನಿ..."

"ನಾನು ಅಂತಾಳಲ್ಲೋ! ಇವಳದೇ ಏನು ಕಾರ್ಖಾನೆ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಸಾಹೇಬರು ಹೆಂಗೆ ಹೇಳ್ತಾರೋ ಹಂಗೇ ಹೇಳ್ಬೇಕ್ರಿ. ನಾನು ಅಂದ್ರೆ ಅವರು" ಎಂದು ತಿಳಿಸಿ ಮುಂದುವರಿಸಿದಳು. ಪಂಪಿನ ಜಾಗ, ಕಾಲುವೆ, ಕೆಲಸದ ಗಡುವು ಎಲ್ಲ ಬಂದವು. ಕೊನೆಗೆ, "ಬೇಸಿಗೆಯಲ್ಲಿ ನದಿಯ ನೀರು ನಾಲ್ಕು ಅಡಿಗಿಂತ ಕೆಳಗಿಳಿದರೆ ಪಂಪು ನಿಲ್ಲಿಸ್ತೀನಿ, ನಡೆಸಬಹುದು ಅಂತ ಸರ್ಕಾರ ಬರೆದುಕೊಟ್ಟ ಹೊರತು. ಬರೆದುಕೊಟ್ಟರೆ ನಡೆಸ್ತೀನಿ" ಎಂದಳು.

ಅಂಜಿನವ್ವ ಎಂಬ ಮುದುಕಿ ಸೆರಗು ಬಿಗಿದುಕೊಂಡು ಮುರುಗೇಶಪ್ಪನವರ ಕಡೆ ತಿರುಗಿದಳು. "ಯಜಮಾನ್ರೇ, ಬ್ಯಾಸಿಗ್ಯಾಗೆ ಹೊಳೆ ಇಳಿದ ಮ್ಯಾಲೆ ಒಂದು ಹನಿ ಮುಟ್ಟಲ್ಲ ಅಂದಿದ್ರಲ್ಲ?"

"ಹೌದು. ಈಗ್ಲೂ ಅದೇ." ಮುರುಗೇಶಪ್ಪ ನಕ್ಕರು. "ಹುಡುಗಿ ತಪ್ಪು ತಿಳ್ಕಂಡಾಳೆ. ಸರ್ಕಾರ ಗಿರ್ಕಾರ ಸಾಹೇಬರು ಅನ್ನಲೇ ಇಲ್ಲ. ಅಲ್ಲೇನ್ರಿ ಬಕ್ಕೇಶಪ್ಪನೋರೇ?"

ಬಕ್ಕೇಶಪ್ಪನವರು ಕನ್ನಡಕ ಒರೆಸಿಕೊಂಡರು. "ಆ ಭಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಮುರುಗೇಶಪ್ಪ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಪ್ಪ, ಆರು ನಿಮಿಷದ ಮಾತಿಗೆ ಹತ್ತಿಪ್ಪತ್ತು ಗೀಟು! ಇದ್ರಾಗೆ ಏನು ಐತೆ ಅಂತ ನಂಬ್ತೀರಿ?"

ಜನ ಕತ್ತು ಉದ್ದ ಮಾಡಿ ನೋಡಿದರು. ಬಾಣ, ಚುಕ್ಕೆ, ಅರ್ಧ ಕನ್ನಡ ಅಕ್ಷರ, ಅರ್ಧ ಇಂಗ್ಲಿಷ್. ಗುಸುಗುಸು ಎದ್ದಿತು. ಇಬ್ಬರೂ ಸೇರಿ ಆಡ್ತಿರೋ ಆಟ ಅಂದರು ಕೆಲವರು. ಕಾರಿನಾಗೆ ಬಂದೋಳು ನಮ್ಮ ಕಡೆ ಯಾಕ ಹೇಳ್ತಾಳೆ ಅಂದರು ಇನ್ನು ಕೆಲವರು. ಆ ಗುಸುಗುಸುವಿಗಿಂತ ಕೆಟ್ಟದ್ದೊಂದು ನಿರ್ಮಲಮ್ಮನ ಒಳಗೆ ಹೊಕ್ಕಿತು. ಮಾವ ಇಷ್ಟು ಧೈರ್ಯವಾಗಿ ಹೇಳುತ್ತಿದ್ದಾರೆಂದರೆ, ತಾನೇ ತಪ್ಪು ಕೇಳಿರಬಹುದೇ?

ಊರ ಹಿರಿಯ ಗುಡ್ಡಪ್ಪ ಕೋಲೂರಿ ಎದ್ದ. "ಪುಸ್ತಕ ಅವಮ್ಮಗೆ ಕೊಡ್ರಿ. ನಾನು ಮಾತಾಡ್ತೀನಿ. ಅಮ್ಮಾರೇ, ನೀವು ಗೀಟ್ಕಳ್ರಿ. ಆಮ್ಯಾಲೆ ನನ್ನ ಮಾತು ನನಗೇ ಕನ್ನಡದಾಗೆ ಹೇಳ್ರಿ. ಸಾಹೇಬ್ರದು ನಮಗೆ ಗೊತ್ತಾಗಲ್ಲ. ನಮ್ಮದು ನಮಗೆ ಗೊತ್ತಾಗ್ತೈತೆ."

ಗುಡ್ಡಪ್ಪ ಬೇಕೆಂದೇ ಸುತ್ತಿ ಬಳಸಿ ಮಾತಾಡಿದ. ಹೊಳೆ ಬತ್ತಿದ ವರ್ಷಗಳು, ಚೌಡವ್ವನ ಎಲೆಬಳ್ಳಿ, ಹಾಲೇಶಪ್ಪನ ಏಳು ಎಕರೆ ಕಬ್ಬು, ಅಂಜಿನವ್ವನ ಏತ, ಸತ್ತ ಎತ್ತು, ಮಲ್ಲೇಶಪ್ಪನ ಬಾಳೆ. ನಡುವೆ ಮರಿಯವ್ವನ ಮಗಳ ಮದುವೆ ನಿಂತದ್ದನ್ನೂ ತುರುಕಿದ. ಐದು ನಿಮಿಷವಾಯಿತು. ಅವಳ ಪೆನ್ಸಿಲು ಒಮ್ಮೊಮ್ಮೆ ನಿಲ್ಲುತ್ತಿತ್ತು, ಆಗ ಕೇಳಿಸಿಕೊಳ್ಳುತ್ತಿದ್ದಳು, ಮತ್ತೆ ಗೀಚುತ್ತಿದ್ದಳು.

ಅಡ್ಡಗೆರೆ ಎಳೆದು ಶುರುಮಾಡಿದಳು. ಹೆಸರಿನ ಹಿಂದೆ ಹೆಸರು, ಎಕರೆಯ ಹಿಂದೆ ಎಕರೆ, ಗುಡ್ಡಪ್ಪ ಹೇಳಿದ ಕ್ರಮದಲ್ಲೇ ಬಂದವು. ಮದುವೆ ನಿಂತದ್ದಕ್ಕೆ ಕಾರಣ ನೀರಲ್ಲ, ಗಂಡಿನ ಕಡೆಯವರ ಜಗಳ ಎಂದಾಗ ಜನ ನಕ್ಕರು. ಮಲ್ಲೇಶಪ್ಪನ ಬಾಳೆಗೆ ಬಂದಾಗ ಅವಳು ತಡೆದಳು. "ಇಲ್ಲಿ ನನಗೆ ಅನುಮಾನ ಐತ್ರಿ. ಬಾಳೆ ಒಣಗಿದ್ದು ಅದೇ ಬೇಸಿಗೆನೋ, ಮರುವರ್ಷನೋ? ಕಾಲ ಬರ್ಕಂಡಿಲ್ಲ. ಇನ್ನೊಮ್ಮೆ ಹೇಳ್ರಿ."

"ಮರುವರ್ಷ" ಎಂದ ಗುಡ್ಡಪ್ಪ. ಆತ ಅವಳನ್ನೇ ನೋಡುತ್ತಿದ್ದ. "ಹೋಗ್ಲಿ. ಸಾಹೇಬ್ರ ಮಾತಿನಾಗೂ ನಿಮಗೆ ಅನುಮಾನ ಐತಾ?"

ಅವಳು ಹಿಂದಿನ ಪುಟ ತಿರುವಿದಳು. ಎಡಗಡೆಯ ಅಂಚಿನಲ್ಲಿ 'ಹೊ' ಅಂತ ಇತ್ತು. ಅದರ ಕೆಳಗೆ ಮೆಟ್ಟಿಲಾಗಿ 'ಸ', ಬರೆಯುವುದರ ಗುರುತು, ಪಂಪು. ಅದಕ್ಕೆ ಮೊದಲು, ಕೆಳಗಿನ ಬಾಣ, ೪ ಅಡಿ. ಪುಟ ನೋಡಿದ ಕೂಡಲೇ ಸಾಹೇಬ ಆ ಮಾತು ಹೇಳುವಾಗ ಬೆರಳು ಎತ್ತಿದ್ದು ಕೂಡ ಕಣ್ಣಿಗೆ ಬಂತು.

"ಇಲ್ಲ. ಆದರೆ ನನ್ನ ಮಾತು ನಂಬೋದು ಬ್ಯಾಡ. ಅವರನ್ನೇ ಕೇಳ್ತೀನಿ, ನಿಮ್ಮೆದುರಿಗೆ."

"ನಿರ್ಮಲಾ, ಸುಮ್ನಿರು" ಎಂದರು ಮಾವ ತಗ್ಗಿದ ದನಿಯಲ್ಲಿ.

ಅವಳು ಇಂಗ್ಲಿಷಿನಲ್ಲಿ, ಕೊನೆಯ ಷರತ್ತನ್ನು ಮತ್ತೊಮ್ಮೆ ಹೇಳಬೇಕೆಂದು ದುಭಾಷಿ ಕೇಳಿಕೊಳ್ಳುತ್ತಿದ್ದಾಳೆ ಎಂದಳು. ಸಾಹೇಬ ಅಚ್ಚರಿಯಿಂದ ಎರಡು ನಿಮಿಷ ಮಾತಾಡಿದ. ಮಾತಿನ ನಡುವೆ ಮುರುಗೇಶಪ್ಪನವರ ಹೆಸರು ಬಂತು. ಅವರು ಮುಖ ತಿರುಗಿಸಿ ನದಿಯ ಕಡೆ ನೋಡಿದರು.

ಅವಳು ಸಾರಾಂಶ ಹೇಳಿ ಮಾವನನ್ನು ಉಳಿಸಬಹುದಿತ್ತು, ಒಂದೇ ಒಂದು ವಾಕ್ಯ ಬಿಟ್ಟರೆ ಸಾಕಿತ್ತು. ಪುಸ್ತಕದಲ್ಲಿ ಆ ಹೆಸರು ಪೂರ್ತಿಯಾಗಿ ಬರೆದಿತ್ತು.

"ಹೌದು, ಸರ್ಕಾರ ಬರೆದುಕೊಟ್ಟರೆ ನಾಲ್ಕು ಅಡಿಗಿಂತ ಕೆಳಗಿದ್ದರೂ ನೀರು ಎತ್ತುತ್ತೀನಿ. ಇದನ್ನು ನಾನು ಮುಚ್ಚಿಟ್ಟಿಲ್ಲ. ಮೊದಲ ಕರಡಿನಲ್ಲೇ ಇತ್ತು. ನಿಮಗೆ ಓದಿ ಹೇಳಲಿ ಅಂತ ಮುರುಗೇಶಪ್ಪನವರಿಗೆ ಕೊಟ್ಟು ಎರಡು ತಿಂಗಳಾಯಿತು" ಎಂದು ಸಾಹೇಬನ ಮಾತನ್ನು ಪೂರ್ತಿ ಹೇಳಿದಳು.

ಯಾರೂ ಕೂಗಾಡಲಿಲ್ಲ. ಗುಡ್ಡಪ್ಪ ಮುರುಗೇಶಪ್ಪನವರ ಕಡೆ ನೋಡಲೂ ಇಲ್ಲ. "ಆ ಮಾತು ತೆಗೆದ್ರೆ ಸಹಿ ಹಾಕ್ತೀವಿ. ಇಲ್ಲ ಅಂದ್ರೆ ಇಲ್ಲ. ಹೇಳ್ರಿ ಅವರಿಗೆ" ಎಂದ. ಅವಳು ಹೇಳಿದಳು. ಕಂಪನಿಯ ಮದರಾಸಿನ ಕಚೇರಿಗೆ ಬರೆದು ಕೇಳುವುದಾಗಿ ಸಾಹೇಬ ಒಪ್ಪಿದ. ಸಭೆ ಮುಗಿಯಿತು.

ಮಾವನ ಕಾರು ಅವಳನ್ನು ಬಿಟ್ಟು ಹೊರಟುಹೋಯಿತು. ಅವಳು ರೈಲು ನಿಲ್ದಾಣದ ಕಡೆ ನಡೆಯುವಾಗ ಅಂಜಿನವ್ವ ಹಿಂದಿನಿಂದ ಬಂದು ಜೊತೆಯಾದಳು. "ಬೇಜಾರಾಗ್ಬ್ಯಾಡ ತಂಗಿ. ನಿನ್ನ ಮ್ಯಾಲೂ ನಮಗೆ ಇನ್ನೂ ಪೂರಾ ನಂಬಿಕೆ ಬಂದಿಲ್ಲ. ಅವರ ಮಂದಿನೇ ಅಲ್ವಾ ನೀನು?"

"ಗೊತ್ತೈತವ್ವ" ಎಂದಳು ನಿರ್ಮಲಮ್ಮ.

ಮೂರು ವಾರಕ್ಕೆ ಮದರಾಸಿನಿಂದ ಉತ್ತರ ಬಂತು. ಷರತ್ತು ತೆಗೆಯುವ ವಿಷಯ ಮತ್ತೆ ಕೂತು ಮಾತಾಡೋಣ ಎಂದಿತ್ತು. ಅದರ ಮಾರನೆಯ ದಿನ ಗುಡ್ಡಪ್ಪ ದಾವಣಗೆರೆಯ ಬಡಾವಣೆಯಲ್ಲಿದ್ದ ಅವಳ ಮನೆ ಹುಡುಕಿಕೊಂಡು ಬಂದ. ಒಳಗೆ ಬರ್ರಿ, ಕೂಡ್ರಿ ಅಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: "ಮುಂದಿನ ಸೋಮವಾರ ಸಭೆ ಐತೆ. ಈ ಸಲ ಕಂಪನಿ ಕಡೆಯಿಂದ ಬ್ಯಾಡ. ನಮ್ಮ ಕಡೆಯಿಂದ ಬರ್ರಿ. ಬಂಡಿ ಕಳಿಸ್ತೀವಿ."

"ಬರ್ತೀನಿ. ಆದರೆ ನಿಮ್ಮ ಕಡೆ ಬಂದ್ರೂ ಸಾಹೇಬರು ಹೇಳಿದ್ದನ್ನ ಹೇಳಿದ ಹಂಗೇ ಹೇಳ್ತೀನಿ. ನೀವು ಹೇಳಿದ್ದೂ ಹಂಗೇ."

"ಆಗ್ಲಿ" ಎಂದ ಗುಡ್ಡಪ್ಪ. "ನಮಗೆ ಬೇಕಾಗಿರೋದೂ ಅದೇ ಅಂತ ಕಾಣ್ತೈತೆ."